ಜಗದೇವಿ ಟೀಚರ ಚಿತ್ರದ ಪಿರಿಯಡ್

ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ಎಂಟರ ಬಸ್ಸಿನಲ್ಲಿ ಜಗದೇವಿ ಟೀಚರ ಕಂಕುಳಲ್ಲಿ ಯಾವಾಗಲೂ ಒಂದು ಕಾಗದದ ಸುರುಳಿ ಇರುತ್ತದೆ. ‘ಏನ್ರಿ ಟೀಚರ್, ಗೋಡಿಗೆ ಹಚ್ಚೋ ಕಾಗದ ಮಾರಾಕತ್ತೀರೇನ್ರಿ?’ ಎಂದು ಕಂಡಕ್ಟರ್ ಕಾಡಿಸುತ್ತಾನೆ. ‘ನಿನಗ ಒಂದ ಫುಕಟ್ ಕೊಡ್ತೀನಿ, ಮೊದಲ ಸೀಟ್ ಕೊಡಸು’ ಎಂದು ಟೀಚರೂ ಬಿಡುವುದಿಲ್ಲ. ಸುರುಳಿಯೊಳಗೆ ಇರುವುದು ಹಳೆಯ ಕ್ಯಾಲೆಂಡರುಗಳ ಚಿತ್ರಗಳು, ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿದ ಫೋಟೋಗಳು. ಗೊಬ್ಬರದ ಅಂಗಡಿಯವರಿಂದ ಹಿಡಿದು ಬಳೆ ಅಂಗಡಿಯವರ ತನಕ, ಜನವರಿ ಬಂತೆಂದರೆ ಎಲ್ಲರೂ ಈಕೆಗೆ ಒಂದು ಕ್ಯಾಲೆಂಡರ್ ತೆಗೆದಿಡುತ್ತಾರೆ. ತೆಗೆದಿಡದಿದ್ದರೆ ಆಕೆ ಬಿಡಬೇಕಲ್ಲ!

ಹುಮನಾಬಾದಿನ ಆಚೆಯ ಒಂದು ಸರಕಾರಿ ಶಾಲೆಯಲ್ಲಿ ಆಕೆ ಆರನೆಯ ತರಗತಿಗೆ ಕನ್ನಡ ಕಲಿಸುತ್ತಾಳೆ. ಮಕ್ಕಳಲ್ಲಿ ಕೆಲವರ ಮನೆಮಾತು ಮರಾಠಿ, ಕೆಲವರದು ದಖನಿ, ಇನ್ನುಳಿದವರದು ಈ ಕಡೆಯ ಕನ್ನಡ. ಪಾಠ ಓದು ಎಂದರೆ ಗಡಗಡ ಓದುತ್ತಿದ್ದರು. ಸ್ವಂತ ಎರಡು ಮಾತು ಆಡು ಎಂದರೆ ಮುಗಿಯಿತು, ನಾಲಿಗೆಗೆ ಬೀಗ. ಆಗ ಟೀಚರ್ ಶುಕ್ರವಾರದ ಒಂದು ಪಿರಿಯಡ್ಡನ್ನು ಚಿತ್ರಕ್ಕೆ ಇಟ್ಟಳು.

ಅದಕ್ಕೊಂದು ಕ್ರಮ ಇತ್ತು. ಚಿತ್ರ ತೂಗುಹಾಕಿದ ಮೇಲೆ ಒಂದು ನಿಮಿಷ ಯಾರೂ ಪಿಟಕ್ ಅನ್ನುವಂತಿಲ್ಲ. ಬರೀ ನೋಡುವುದು. ಆಮೇಲೆ ಕಣ್ಣಿಗೆ ಕಂಡದ್ದಷ್ಟೇ ಹೇಳುವುದು, ಯಾವ ಭಾಷೆಯಲ್ಲಾದರೂ ಸರಿ. ಹುಡುಗರು ‘ಸೂಪ’ ಅಂದರೆ ಹಲಗೆಯ ಎಡಕ್ಕೆ ‘ಸೂಪ’, ಬಲಕ್ಕೆ ‘ಮೊರ’. ‘ಭೂಸಾ’ ಅಂದರೆ ಅದರೆದುರು ‘ಹೊಟ್ಟು’. ಹೆಸರುಗಳು ಮುಗಿದ ಮೇಲೆ ಬಣ್ಣ, ಆಮೇಲೆ ಕೆಲಸ, ಆಮೇಲೆ ಯಾವುದು ಮುಂದೆ, ಯಾವುದು ಹಿಂದೆ, ಯಾವುದು ಅಂಚಿನಲ್ಲಿ. ಕೊನೆಗೆ ಟೀಚರ ಪ್ರೀತಿಯ ಪ್ರಶ್ನೆಗಳು: ‘ನಿಮ್ಮ ಕಣ್ಣ ಮೊದಲ ಎಲ್ಲಿ ಹೋತು? ಬೆಳಕ ಯಾವ ಕಡಿಂದ ಬರಾಕತ್ತದ? ಚಿತ್ರ ಬರದಾಂವ ಯಾಕ ಹಿಂಗ ಬರದಾನ?’ ಅನಿಸಿದ್ದನ್ನು ಹೇಳಿದವರು ‘ಯಾಕೆಂದರೆ’ ಎಂದು ಚಿತ್ರದೊಳಗಿಂದಲೇ ಒಂದು ಸಾಕ್ಷಿ ತೋರಿಸಬೇಕು.

ಕಣದಲ್ಲಿ ಜೋಳ ತೂರುವ ಹೆಣ್ಣುಮಗಳ ಕ್ಯಾಲೆಂಡರ್ ಚಿತ್ರಕ್ಕೆ ಇವರು ಮೂರು ಶುಕ್ರವಾರ ಕಳೆದಿದ್ದರು. ಆಕೆಯ ಮುಖ ಕಾಣುವುದಿಲ್ಲ ಯಾಕೆ ಎಂಬುದಕ್ಕೇ ಒಂದಿಡೀ ಪಿರಿಯಡ್ ಜಗಳ. ‘ಮಾರಿ ತೋರಿಸಿದ್ರ ನಾವು ಮಾರೀನೇ ನೋಡ್ತಿದ್ವಿ, ಗಾಳಿ ನೋಡ್ತಿದ್ದಿಲ್ಲ’ ಎಂದು ದತ್ತು ಎಂಬ ಹುಡುಗ ಅಂದ ದಿನ ಟೀಚರಿಗೆ ಬಸ್ಸಿನಲ್ಲಿ ನಿಂತುಕೊಂಡೇ ಮನೆ ಮುಟ್ಟಿದರೂ ಕಾಲು ನೋಯಲಿಲ್ಲ. ಅಷ್ಟು ಖುಷಿ.

ಆದರೆ ಹೆಡ್‌ಮಾಸ್ತರ್ ಬಕ್ಕಪ್ಪನವರಿಗೆ ಇದು ಹಿಡಿಸಿರಲಿಲ್ಲ. ಕೆಟ್ಟ ಮನುಷ್ಯರಲ್ಲ, ಹೆದರುವ ಮನುಷ್ಯರು. ‘ಟೀಚರ್, ಪಾಠ ಹಿಂದ ಉಳದಾವ್ರಿ. ಬರೋ ಶುಕ್ರವಾರ ಶಿಕ್ಷಣ ಇಲಾಖೆಯ ಶ್ರೀಮಂತ ಸಾಹೇಬ್ರು ಶಾಲಿ ತಪಾಸಣಿಗಿ ಬರಾಕತ್ತಾರ. ಅವ್ರು ಹೂಂ ಅಂದ್ರ ನಿಮ್ಮ ಚಿತ್ರ ಉಳೀತದ. ಇಲ್ಲಾಂದ್ರ ಆ ಪಿರಿಯಡ್ ಪ್ರಶ್ನೋತ್ತರಕ್ಕ.’

ಟೀಚರ್ ಕಂಕುಳಲ್ಲಿನ ಸುರುಳಿಯನ್ನು ಇನ್ನಷ್ಟು ಒತ್ತಿ ಹಿಡಿದಳು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ತಾನೇ ಹುಡುಕಿಕೊಂಡ ದಾರಿ ಇದೊಂದೇ. ಅದು ಹೋದರೆ? ಮೀನಾಜ್‌ಳಂಥ ಹುಡುಗಿ ಏನಾಗಬೇಕು? ಕಿಟಕಿಯ ಪಕ್ಕ ಕೂರುವ ಆ ಮೀನಾಜ್ ತರಗತಿಯಲ್ಲಿ ಈ ತನಕ ಒಂದು ವಾಕ್ಯ ಆಡಿರಲಿಲ್ಲ. ಆದರೆ ಶುಕ್ರವಾರ ಮಾತ್ರ ಕತ್ತು ಮುಂದೆ ಚಾಚಿ ನೋಡುತ್ತಿದ್ದಳು.

ಹೆದರಿಕೆ ಎಂಥವರ ಬುದ್ಧಿಯನ್ನೂ ಕೆಡಿಸುತ್ತದೆ. ಜಗದೇವಿ ಟೀಚರ್ ಎಂದೂ ಮಾಡದ ಕೆಲಸ ಮಾಡಿದಳು. ಜೋಳ ತೂರುವ ಚಿತ್ರದ ಮೇಲೆ ತಾನೇ ಹತ್ತು ವಾಕ್ಯ ಬರೆದು, ಸೋಮವಾರದಿಂದ ಗುರುವಾರದ ತನಕ ಮಕ್ಕಳಿಂದ ಬಾಯಿಪಾಠ ಮಾಡಿಸಿದಳು. ಮಕ್ಕಳಿಗೇನು, ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದರು.

ಶುಕ್ರವಾರ ಶ್ರೀಮಂತ ಸಾಹೇಬರು ಬಂದರು. ಟೀಚರ್ ಜೋಳದ ಚಿತ್ರ ಬಿಚ್ಚುವಷ್ಟರಲ್ಲಿ ಅವರು ಸುರುಳಿಯನ್ನೇ ಕೈಗೆ ತೆಗೆದುಕೊಂಡು, ‘ಇದನ್ನ ಹಾಕ್ರಿ’ ಎಂದು ಇನ್ನೊಂದು ಎಳೆದರು. ಅದು ನಾರಾಯಣಪುರದ ಗುಡಿಯ ಗೋಡೆಯ ಮೇಲಿನ ಒಬ್ಬ ಕಲ್ಲಿನ ಹೆಣ್ಣುಮಗಳ ಫೋಟೋ. ಮಕ್ಕಳು ಅದನ್ನು ಕಂಡೇ ಇರಲಿಲ್ಲ.

ಸಾಹೇಬರು ದತ್ತುವಿನತ್ತ ಕೈಮಾಡಿದರು. ದತ್ತು ಎದ್ದು ಕೈಕಟ್ಟಿ, ಒಂದೇ ಉಸಿರಿನಲ್ಲಿ ಶುರುಮಾಡಿದ: ‘ಈ ಚಿತ್ರದ ನಡುವೆ ಒಬ್ಬ ಹೆಣ್ಣುಮಗಳು ಜೋಳ ತೂರುತ್ತಿದ್ದಾಳೆ. ಅವಳ ಸೀರೆ ಹಸಿರು. ಹಿಂದೆ ಎರಡು ಎತ್ತುಗಳಿವೆ…’

ಯಪ್ಪಾ! ಕಲ್ಲಿನ ಮೈಮೇಲೆ ಹಸಿರು ಸೀರೆ ಎಲ್ಲಿಂದ ಬರಬೇಕು? ಎರಡನೆಯ ಹುಡುಗಿಯೂ ಎದ್ದು ಅದೇ ಎತ್ತುಗಳನ್ನು ಹೊಡೆದುಕೊಂಡು ಬಂದಳು. ಬಕ್ಕಪ್ಪ ಮಾಸ್ತರರು ಕರವಸ್ತ್ರದಿಂದ ಹಣೆ ಒರೆಸಿಕೊಂಡರು. ಸಾಹೇಬರು, ‘ಎತ್ತ ಎಲ್ಲಿ ಅದಾವ, ನನಗೂ ತೋರಿಸವ್ವಾ’ ಅಂದರು. ಹುಡುಗಿ ಅಳುಮೋರೆ ಮಾಡಿದಳು.

ಟೀಚರಿಗೆ ಭೂಮಿ ಬಾಯಿಬಿಟ್ಟರೆ ಸಾಕು ಅನಿಸಿತು. ಆದರೂ ಮುಂದೆ ಬಂದಳು. ‘ಮಕ್ಕಳದೇನೂ ತಪ್ಪಿಲ್ರಿ ಸಾಹೇಬ್ರ. ನಾನೇ ಅಂಜಿ ಬಾಯಿಪಾಠ ಮಾಡಿಸೀನಿ. ನಾವು ಖರೇ ಹ್ಯಾಂಗ ನೋಡ್ತೀವಿ ಅನ್ನೋದಕ್ಕ ಹದಿನೈದ ನಿಮಿಷ ಕೊಡ್ರಿ.’

ಸಾಹೇಬರು ಗಡಿಯಾರ ನೋಡಿ ಹಿಂದಿನ ಬೆಂಚಿನಲ್ಲಿ ಕುಳಿತರು.

‘ಕಲಿತಿದ್ದೆಲ್ಲಾ ಮರೀರಿ. ಒಂದ ನಿಮಿಷ, ಬರೀ ಕಣ್ಣು’ ಅಂದಳು ಟೀಚರ್. ನಿಮಿಷ ಕಳೆಯಿತು. ಕಲ್ಲು. ಬಿರುಕು. ಗೆಜ್ಜೆ. ಸೊಂಟಪಟ್ಟಿ. ಮಾತು ಒಂದೊಂದಾಗಿ ಬಂದು ಹಲಗೆ ತುಂಬತೊಡಗಿತು. ದತ್ತುವೇ, ‘ಎಡಗೈ ಮುರದದ್ರಿ’ ಅಂದ.

‘ಮುರಿಯೂಕಿಂತ ಮೊದಲ ಆ ಕೈಯಾಗ ಏನ ಇದ್ದೀತು?’

ಹೂವು, ಗಿಳಿ, ಕೊಡ ಎಂದು ಎಲ್ಲರೂ ಕೂಗಿದರು. ‘ಯಾಕೆಂದರೆ?’ ಎಂದದ್ದಕ್ಕೆ ಎಲ್ಲರೂ ಚಿತ್ರದೊಳಗೆ ಸಾಕ್ಷಿ ಹುಡುಕತೊಡಗಿದರು. ಆಗ ಕಿಟಕಿಯ ಕಡೆಯಿಂದ ಸಣ್ಣ ದನಿ ಬಂತು. ‘ಐನಾ.’

ಮೀನಾಜ್ ಎದ್ದು ನಿಂತಿದ್ದಳು. ಹಲಗೆಯ ಎಡಕ್ಕೆ ‘ಐನಾ’ ಬಿತ್ತು. ಮರಾಠಿ ಹುಡುಗರು ‘ಆರಸಾ’ ಅಂದರು, ಅದೂ ಬಿತ್ತು. ಬಲಕ್ಕೆ ‘ಕನ್ನಡಿ’.

‘ಯಾಕ ಕನ್ನಡಿ, ಮೀನಾಜ್?’

ಹುಡುಗಿ ಚಿತ್ರದ ಬಳಿಗೇ ಬಂದಳು. ‘ಅಕಿ ಬಲಗೈ ಹಣಿ ಮ್ಯಾಲ ಅದ. ಬೊಟ್ಟ ಹಚ್ಚಾಕತ್ತಾಳ. ಆದ್ರ ಕಣ್ಣ ನಮ್ಮ ಕಡಿ ಇಲ್ಲ, ಮುರದ ಕೈ ಇದ್ದ ಕಡಿ ಅದಾವ. ಆ ಕಡಿ ಭುಜಾ ಸುದ್ದಾ ಮ್ಯಾಲ ಎತ್ಯಾಳ. ಬೊಟ್ಟ ಬರೋಬರಿ ಹತ್ಯದೋ ಇಲ್ಲೋ ನೋಡಾಕತ್ತಾಳ, ಯಾಕೆಂದರೆ…’ ತಡೆದು, ಸರಿಯಾದ ಮಾತು ಹುಡುಕಿದಳು. ‘ಯಾಕೆಂದರೆ ಅಕಿ ಒಬ್ಬಾಕೀನೇ ಅದಾಳ. ಹೇಳೋರ್ ಯಾರೂ ಇಲ್ಲ.’

ಜಗದೇವಿ ಟೀಚರ್ ಸೀಮೆಸುಣ್ಣ ಕೆಳಗಿಟ್ಟಳು. ಕಣ್ಣು ತುಂಬಿ ಬಂದವು, ಮುಚ್ಚಿಕೊಳ್ಳಲೂ ಇಲ್ಲ. ಸಾಹೇಬರು ಬೆಂಚು ಬಿಟ್ಟೆದ್ದು ಫೋಟೋದ ಮುಂದೆ ಬಹಳ ಹೊತ್ತು ನಿಂತರು. ‘ಆ ಗುಡಿಗಿ ಎಷ್ಟ ಸಲ ಹೋಗೀನೋ. ಕೈ ಮುಗದು ಬಂದೀನಿ, ನೋಡಿಲ್ಲ’ ಅಂದರು.

ಆಮೇಲೆ ಹೆಡ್‌ಮಾಸ್ತರರ ಕೋಣೆಯಲ್ಲಿ ಭೇಟಿ ಪುಸ್ತಕ ಬಿಚ್ಚಿ, ಚಿತ್ರದ ಪಿರಿಯಡ್ ಮುಂದುವರಿಯಲಿ ಎಂದು ಬರೆದರು. ಬಕ್ಕಪ್ಪನವರ ಮುಖ ಅರಳಿತು. ಸಾಹೇಬರು ಉತ್ಸಾಹದಲ್ಲಿ ಇನ್ನೂ ಒಂದು ಸಾಲು ಸೇರಿಸಿ ಓದಿ ಹೇಳಿದರು. ಮೀನಾಜ್ ಆಡಿದ ಮಾತುಗಳನ್ನು ಬರೆಸಿ, ಮಾದರಿಯೆಂದು ಸುತ್ತಲಿನ ಎಲ್ಲ ಶಾಲೆಗಳಿಗೂ ಕಳಿಸಬೇಕಂತೆ.

‘ಅದನ್ನ ಹೊಡದಹಾಕ್ರಿ ಸಾಹೇಬ್ರ’ ಅಂದಳು ಟೀಚರ್.

ಬಕ್ಕಪ್ಪನವರು ಗಾಬರಿಯಾಗಿ ಆಕೆಯತ್ತ ನೋಡಿದರು. ಸಾಹೇಬರ ಪೆನ್ನು ನಿಂತಿತು. ‘ಯಾಕ್ರಿ?’

‘ಫೋಟೋ ಕಳಸ್ರಿ. ಅಕಿ ಮಾತ ಕಳಸಬ್ಯಾಡ್ರಿ. ಮಾತ ಕಳಿಸಿದ್ರ ಸೋಮವಾರದಿಂದ ಎಲ್ಲಾ ಶಾಲ್ಯಾಗೂ ಬಾಯಿಪಾಠ ಚಾಲೂ ಆಗ್ತದ. ನನಗ ಗೊತ್ತದ್ರಿ, ಈ ವಾರ ನಾನೇ ಮಾಡಿಸೀನಿ.’

ಸಾಹೇಬರು ಆ ಸಾಲನ್ನು ಹೊಡೆದುಹಾಕಿದರು.