ಯಶೋಧಾಳ ಗಂಟೆ ಮತ್ತು ಕುರುಡು ಎಮ್ಮೆ

ಮನೂರಿನ ಯಶೋಧಾಳ ಬಾಯಲ್ಲಿ ಯಾವ ಕೆಲಸವೂ ಅವಳು ಮಾಡಿದ್ದಾಗಿರುತ್ತಿರಲಿಲ್ಲ, ತಾನಾಗಿ ಆದದ್ದಾಗಿರುತ್ತಿತ್ತು. ಓದು ಹೇಗೆ ಮುಗಿಯಿತು ಎಂದರೆ "ಆತು", ಹೈದರಾಬಾದಿನ ನೌಕರಿ ಹೇಗೆ ಸಿಕ್ಕಿತು ಎಂದರೆ "ಸಿಕ್ತು". ಅಲ್ಲಿನ ಒಂದು ಅನಿಮೇಶನ್ ಸ್ಟುಡಿಯೋದಲ್ಲಿ ಅವಳದು ಇನ್‌ಬಿಟ್ವೀನ್ ಕೆಲಸ. ದೊಡ್ಡ ಕಲಾವಿದರು ಪಾತ್ರವೊಂದು ಕೈ ಎತ್ತಿದ ಒಂದು ಚಿತ್ರ, ಕೈ ಇಳಿಸಿದ ಒಂದು ಚಿತ್ರ ಬರೆದು ಕೊಟ್ಟರೆ, ನಡುವಿನ ಚಿತ್ರಗಳನ್ನೆಲ್ಲ ಇವಳು ತುಂಬಬೇಕು. ಶುರು ಬೇರೆಯವರದು, ಕೊನೆ ಬೇರೆಯವರದು. ಈ ಕೆಲಸ ಅವಳ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿತ್ತು, ಈ ಕತೆ ಹೇಳುವ ನನಗೆ ಸಿಟ್ಟು ಬರುವುದೂ ಅದಕ್ಕೇ.

ಅಂಥವಳು ಆ ವರ್ಷ ಒಂದು ಸಾಲಿನ ಕತೆ ಬರೆದು ಕೊಟ್ಟಳು. ಸ್ಟುಡಿಯೋ ತನ್ನದೇ ಐದು ನಿಮಿಷದ ಚಿತ್ರ ಮಾಡಬೇಕೆಂದು ಎಲ್ಲರಿಂದಲೂ ಒಂದೊಂದು ಸಾಲು ಕೇಳಿತ್ತು. ಇವಳ ಸಾಲು ಹೀಗಿತ್ತು: "ಬಾಯಿ ಬಿಡದ ಹುಡುಗಿಯೊಬ್ಬಳು ಗಂಟೆ ಬಾರಿಸುತ್ತ ಕುರುಡು ಎಮ್ಮೆಯನ್ನು ಮನೆಗೆ ಕರೆತರುತ್ತಾಳೆ, ಒಂದು ದಿನ ಗಂಟೆ ಕಳೆಯುತ್ತದೆ." ನಿರ್ದೇಶಕ ಆತ್ಮಾರಾಮ ತಾಂಡೂರಿನವನು, ಕನ್ನಡ ಬಲ್ಲವನು. ಅವನಿಗೆ ಅದೇ ಹಿಡಿಸಿತು. ಮೂರು ಅಂಕಗಳ ಔಟ್‌ಲೈನ್ ಒಂದು ಪುಟದಲ್ಲಿ ಬರೆದುಕೊಡು ಎಂದ. ಅಷ್ಟರಲ್ಲಿ ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ನಡೆದಿದ್ದ ಮುಷ್ಕರ ಬಿಗಿಯಾಯಿತು. ಊರಿಗೆ ಬಂದಿದ್ದ ಯಶೋಧಾ ಬಸ್ಸಿಲ್ಲದೆ ಮನೂರಿನಲ್ಲೇ ಸಿಕ್ಕಿಬಿದ್ದಳು.

ಹಾಗಾಗಿ ಅವಳು ಆ ದಿನ ಯಾರದೋ ಬೈಕು ಹತ್ತಿ ಹತ್ತಿರದ ಪಟ್ಟಣ ಜಹೀರಾಬಾದಿಗೆ ಬಂದು, ವೈಜಿನಾಥನ ಇಂಟರ್‌ನೆಟ್ ಅಂಗಡಿಯಲ್ಲಿ ಕುಳಿತಿದ್ದಳು. ಕರೆಂಟಿಲ್ಲ, ಇನ್ವರ್ಟರ್ ಮೇಲೆ ಒಂದೇ ಕಂಪ್ಯೂಟರು. ಕೈಯಲ್ಲಿ ಬರೆದ ಪುಟ ಸ್ಕ್ಯಾನ್ ಆಗಿ ಹೋಗಿತ್ತು, ಈಗ ಆತ್ಮಾರಾಮನ ಫೋನ್ ಬಂದಿತ್ತು.

"ಓದಿದೆ, ಯಶೋಧಾ. ಗಂಟಿ ಬಿತ್ತು, ಸಂಜಿ ಆತು, ಕುರುಬ ಬಂದ, ಗಂಟಿ ಸಿಕ್ತು. ಎಲ್ಲಾ ತಾನಾಗೇ ಆಗ್ಯದ. ಹುಡುಗಿ ಏನ್ ಮಾಡ್ಯಾಳ?"

"ಹುಡುಕ್ಯಾಳರಿ ಸರ."

"ಹುಡುಕಿದ್ರ ಸಿಗಲಿಲ್ಲಲ್ಲ, ಮತ್ತೊಬ್ಬ ತಂದು ಕೊಟ್ಟ. ಒಂದು ನಿಮಿಷದಾಗ ಮೊದಲನೇ ಅಂಕ ಮುಗೀಬೇಕು, ಅದರ ಕೊನಿಗೆ ಆಕಿ ಮಾಡಿದ ಒಂದು ಕೆಲಸದಿಂದ ಗಂಟಿ ಹೋಗ್ಬೇಕು. ನಡುವಿನ ಮೂರು ನಿಮಿಷ ಆಕಿ ಏನು ಮಾಡಿದ್ರೂ ಇನ್ನಷ್ಟು ಕೆಡಬೇಕು. ಕೊನೇ ನಿಮಿಷದಾಗ ಆಕೀನೇ ಬಿಡಿಸಬೇಕು. ಮಾತು ಬ್ಯಾಡ, ಮಂದಿ ಕಡಿಮಿ ಇರ್ಲಿ. ನಾಲ್ಕಕ್ಕ ಮಾಲಕರ ಮೀಟಿಂಗ್ ಅದ. ಆಗಲಿಲ್ಲಂದ್ರ ಪ್ರವೀಣಕುಮಾರ ಬರೀತಾನ, ನಿನ್ನ ಹೆಸರು ಇರಂಗಿಲ್ಲ."

ಪ್ರವೀಣಕುಮಾರ ಅಲ್ಲಿನ ಹಿರಿಯ ಬರಹಗಾರ, ಅವನಿಗೂ ಕನ್ನಡ ಬರುತ್ತಿತ್ತು. ಇನ್ನೊಬ್ಬರ ಒಲೆಯ ಮೇಲೆ ತನ್ನ ರೊಟ್ಟಿ ಸುಟ್ಟುಕೊಳ್ಳುವುದರಲ್ಲಿ ಪಳಗಿದ ಕೈ. ಬೇರೆ ಏನು ಹೋದರೂ ಯಶೋಧಾ ಸುಮ್ಮನಿರುತ್ತಿದ್ದಳೇನೋ. ಆದರೆ ಈ ಹುಡುಗಿ, ಈ ಎಮ್ಮೆ ಅವಳ ತಲೆಯೊಳಗೇ ಹುಟ್ಟಿದವು, ಅವನ್ನು ಬಿಟ್ಟುಕೊಡಲು ಅವಳಿಗೆ ಮನಸ್ಸಿರಲಿಲ್ಲ.

ಹೊಸ ಹಾಳೆ ತೆಗೆದುಕೊಂಡಳು. ಗಂಟೆ ತಾನಾಗಿ ಬೀಳಬಾರದು. ಸರಿ, ಓರಗೆಯ ಹುಡುಗಿಯರು "ಎಮ್ಮಿ ಬಂತು, ಎಮ್ಮಿ ಬಂತು" ಎಂದು ಗಂಟೆ ಹಿಡಿದವಳನ್ನೇ ಅಣಕಿಸಲಿ. ಅವಳಿಗೆ ನಾಚಿಕೆಯಾಗಲಿ. ಗಂಟೆಯನ್ನು ಜಾಲಿಯ ಕೊಂಬೆಗೆ ತಾನೇ ಸಿಕ್ಕಿಸಿ ಆಡಲು ಹೋಗಲಿ. ತಿರುಗಿ ಬಂದಾಗ ಕೊಂಬೆ ಖಾಲಿ. ಮೊದಲ ಅಂಕ ಅಲ್ಲಿಗೆ ಮುಗಿಯಿತು. ಬರೆದದ್ದನ್ನು ನೋಡಿ ಅವಳಿಗೇ ಅಚ್ಚರಿ, ತಪ್ಪು ಈಗ ಹುಡುಗಿಯದೇ ಆಗಿತ್ತು.

ಹೊರಗೆ ಮೆರವಣಿಗೆಯ ಸದ್ದು ಹತ್ತಿರವಾಯಿತು. "ಜೈ ತೆಲಂಗಾಣ" ಕೂಗು ಬೀದಿ ತುಂಬಿತು. ವೈಜಿನಾಥ ಗಡಿಬಿಡಿಯಿಂದ ಶೆಟರ್ ಪೂರ್ತಿ ಇಳಿಸಿದ.

"ತಂಗಿ, ಉಸಿರು ಬಿಡಬ್ಯಾಡ. ಬಂದ್‌ದಾಗ ಅಂಗಡಿ ನಡಸ್ಯಾನಂತ ಗೊತ್ತಾದ್ರ ಗಾಜು ಉಳಿಯಂಗಿಲ್ಲ."

ರಾಜ್ಯ ಬೇಕೆಂಬುದರಲ್ಲಿ ಯಶೋಧಾಳಿಗೂ ಎರಡು ಮಾತಿರಲಿಲ್ಲ, ಮೆರವಣಿಗೆಯಲ್ಲಿ ಅವಳ ಕಾಲೇಜಿನವರೂ ಇದ್ದಾರು. ಆದರೂ ಈಗ ಸದ್ದಾಗದಂತೆ ಕುರ್ಚಿಯನ್ನು ಶೆಟರಿನಿಂದ ದೂರ ಎಳೆದುಕೊಂಡಳು. ಪರದೆಯ ಬೆಳಕಿನಲ್ಲೇ ಎರಡನೇ ಅಂಕ ಬರೆದಳು. ಹುಡುಗಿ ಡಬ್ಬಿ ಬಡಿಯುತ್ತಾಳೆ, ಎಮ್ಮೆ ಕದಲುವುದಿಲ್ಲ. ಒಣಗಿದ ತೊಗರಿ ಕಟ್ಟಿಗೆಯ ಕಂತೆ ಅಲ್ಲಾಡಿಸುತ್ತಾಳೆ, ಎಮ್ಮೆ ಬೆದರಿ ಇನ್ನೂ ದೂರ ಸರಿಯುತ್ತದೆ. ಆಗ ದೂರದಲ್ಲಿ ಗಂಟೆ ಕೇಳುತ್ತದೆ! ಜಾಲಿ ಮೇಯಲು ಬಂದ ಆಡಿನ ಕೊಂಬಿಗೆ ಗಂಟೆಯ ಹಗ್ಗ ಸಿಕ್ಕಿಕೊಂಡಿದೆ. ಎಮ್ಮೆ ಆ ಸದ್ದಿಗೆ ನಡೆಯತೊಡಗುತ್ತದೆ, ಹುಡುಗಿ ಖುಷಿಯಿಂದ ಹಿಂದೆ ಹೋಗುತ್ತಾಳೆ. ಆದರೆ ಆಡು ನಿಂತಿರುವುದು ಕಲ್ಲಿನ ಗಣಿಯ ಆಚೆ ದಡದಲ್ಲಿ. ನಡುವೆ ಪಾತಾಳ. ಎಮ್ಮೆ ಅಂಚಿಗೆ ಬಂದಿದೆ.

ಅಲ್ಲಿಗೆ ಪೆನ್ನು ನಿಂತಿತು. ಆಡನ್ನು ಹಿಡಿಯಲು ಸುತ್ತಿ ಹೋಗುವಷ್ಟು ಹೊತ್ತಿಲ್ಲ. ಕುರುಬನನ್ನು ಕರೆಯುವಂತಿಲ್ಲ. ಎಮ್ಮೆ ಬಿದ್ದರೆ ಕತೆಯೇ ಸತ್ತಂತೆ. ಇಷ್ಟು ದೂರ ತಂದವಳಿಗೆ ಮುಂದಿನ ದಾರಿ ಕಾಣಲಿಲ್ಲ, ಅಳು ಬಂತು.

ಬ್ಯಾಟರಿ ಮುಗಿಯುತ್ತ ಬಂದ ಇನ್ವರ್ಟರ್ ಕೀಂಯ್ ಎನ್ನತೊಡಗಿತು. ಆ ಸದ್ದು ಹೊರಗೆ ಕೇಳಿಸೀತೆಂದು ವೈಜಿನಾಥ ಬೆವತು ಹೋದ. ಸ್ವಿಚ್ಚಿನತ್ತ ಕೈ ಚಾಚಿದ.

"ಬ್ಯಾಡ್ರಿ! ಬಂದ್ ಮಾಡಬ್ಯಾಡ್ರಿ!"

ಅದು ತನ್ನದೇ ದನಿ ಎಂದು ಯಶೋಧಾಳಿಗೆ ಆಮೇಲೆ ಗೊತ್ತಾಯಿತು. ಅಷ್ಟು ಜೋರಾಗಿ ಅವಳು ಮನೆಯಲ್ಲೂ ಕೂಗಿದವಳಲ್ಲ. ವೈಜಿನಾಥನ ಕೈ ಗಾಳಿಯಲ್ಲೇ ನಿಂತಿತು. ಹೊರಗಿನಿಂದ ಯಾರೋ ಶೆಟರಿಗೆ ದಬದಬ ಬಡಿದು, ಒಳಗೆ ಯಾರೆಂದು ತೆಲುಗಿನಲ್ಲಿ ಗದರಿದರು. ವೈಜಿನಾಥ ಗಂಟಲು ಸರಿಮಾಡಿಕೊಂಡು, ಅಂಗಡಿ ಬಂದ್ ಇದೆ, ಒಳಗೆ ತಾನು, ತಂಗಿಯೊಬ್ಬಳು ಅಷ್ಟೇ, ಅವಳು ಬಸ್ಸಿಲ್ಲದೆ ಕೂತಿದ್ದಾಳೆ ಎಂದು ತೆಲುಗಿನಲ್ಲೇ ಹೇಳಿದ. ಇನ್ನೊಮ್ಮೆ ಬಡಿತ ಬಿತ್ತು. ಬಳಿಕ ಹೆಜ್ಜೆಗಳು ಮುಂದೆ ಸಾಗಿದವು.

ಯಶೋಧಾ ಮೂರನೇ ಅಂಕ ಒಂದೇ ಉಸಿರಿಗೆ ಬರೆದಳು. ಹುಡುಗಿ ಬಾಯಿ ತೆರೆಯುತ್ತಾಳೆ, ದನಿ ಬರುವುದಿಲ್ಲ. ಮತ್ತೆ ತೆರೆಯುತ್ತಾಳೆ. ಕೂಗುತ್ತಾಳೆ. ಅಂಚಿನಲ್ಲಿ ಎತ್ತಿದ ಎಮ್ಮೆಯ ಕಾಲು ಹಿಂದಕ್ಕೆ ಬರುತ್ತದೆ. ಗಂಟೆ ಆಚೆ ದಡದಲ್ಲೇ ಉಳಿಯಲಿ. ಹುಡುಗಿ ಕೂಗುತ್ತ ಮುಂದೆ, ಎಮ್ಮೆ ಹಿಂದೆ, ಇಬ್ಬರೂ ಮನೆಗೆ.

"ಕಳಸ್ರಿ ಅಣ್ಣಾ, ಜಲ್ದಿ."

ವೈಜಿನಾಥ ಸ್ಕ್ಯಾನ್ ಮಾಡಿ ಕಳಿಸಿದ. ಹೋಯಿತು ಎಂದು ಪರದೆಯಲ್ಲಿ ಬಂದ ಸ್ವಲ್ಪ ಹೊತ್ತಿಗೆಲ್ಲ ಎಲ್ಲ ಕತ್ತಲೆ. ಇಬ್ಬರೂ ಕತ್ತಲಲ್ಲೇ ಫೋನ್ ಕಾಯುತ್ತ ಕುಳಿತರು. ಆ ಕಾಯುವಿಕೆ ಮೆರವಣಿಗೆಗಿಂತ ಕಷ್ಟದ್ದಾಗಿತ್ತು.

ಕೊನೆಗೆ ಆತ್ಮಾರಾಮ ಫೋನ್ ಮಾಡಿದ. "ಚಲೋ ಅದ. ಮಾಲಕರು ಹೂಂ ಅಂದಾರ. ಒಂದು ಮಾತು. ಇಲ್ಲಿ ಪ್ರವೀಣಕುಮಾರನೂ ಕೂತಾನ. ಕೊನಿಗೆ ಗಂಟಿ ಸಿಕ್ರ ಮಂದಿಗೆ ಸೇರ್ತದ ಅಂತಾನ. ಅಷ್ಟು ತಿದ್ದಿ, ಕತಿಗೆ ಅವನ ಹೆಸರು ಮೊದಲು ಹಾಕಿ, ಜೋಡಿ ನಿಂದು ಹಾಕ್ತೀವಿ. ನೀ ಹೊಸಾಕಿ. ನಡೀತದಲ್ಲ?"

ನಾಲಿಗೆಯ ತುದಿಗೆ "ಆಗ್ಲಿ ಸರ" ಬಂದು ಕುಳಿತಿತ್ತು. ಎಷ್ಟು ವರ್ಷದ ರೂಢಿ! ಇಲ್ಲವೆಂದರೆ ಇದ್ದ ಕೆಲಸವೂ ಹೋದೀತೆಂಬ ಭಯ ನಿಜವಾಗಿಯೇ ಇತ್ತು.

"ನಡಿಯಂಗಿಲ್ಲರಿ ಸರ," ಎಂದಳು. "ಗಂಟಿ ಸಿಕ್ರ ಆಕಿ ಕೂಗಿದ್ದು ಸುಳ್ಳಾಗ್ತದ. ಕತಿ ನಂದು. ಹೆಸರೂ ನಂದೊಂದೇ ಇರ್ಬೇಕು."

ವೈಜಿನಾಥ ಕತ್ತಲಲ್ಲೇ ಅವಳ ಹತ್ತಿರ ಸರಿದ.

"ಇದನ್ನ ಅವನಿಗೆ ನಾ ಹ್ಯಾಂಗ ಹೇಳ್ಲಿ?" ಎಂದ ಆತ್ಮಾರಾಮ. ಹಿರಿಯನನ್ನು ಎದುರು ಹಾಕಿಕೊಳ್ಳಲು ಅವನಿಗೂ ಅಂಜಿಕೆ.

"ನೀವು ಹೇಳಬ್ಯಾಡ್ರಿ. ಅವರ ಕೈಯಾಗ ಫೋನ್ ಕೊಡ್ರಿ."

ಫೋನನ್ನು ಎರಡೂ ಕೈಯಲ್ಲಿ ಹಿಡಿದಳು. ಅತ್ತ ಕುರ್ಚಿ ಸರಿದ ಸದ್ದು, ಒಂದು ಬೇಸರದ "ಹಲೋ".

"ಪ್ರವೀಣಕುಮಾರ ಸರ, ನಾ ಯಶೋಧಾ ಮಾತಾಡಾಕತ್ತೀನಿ."