ಚೀಟಿಯಿಲ್ಲದ ಸೀಸೆ

ಬಸ್ ಡಿಪೋದ ಡ್ರೈವರುಗಳು ಅವನಿಗೆ ಇಟ್ಟ ಹೆಸರು ಊದಪ್ಪ. ಇಪ್ಪತ್ತೆರಡು ವರ್ಷದಿಂದ ಔಷಧಿ ಕೋಣೆಯ ಕಾಂಪೌಂಡರ್. ಬೆಳಿಗ್ಗೆ ಬಸ್ಸು ಹೊರಡುವ ಮುಂಚೆ ಪ್ರತಿ ಡ್ರೈವರಿನ ಬಾಯಿಗೆ ಯಂತ್ರ ಹಿಡಿದು "ಊದಪ್ಪ" ಅನ್ನುವುದೂ ಅವನದೇ ಕೆಲಸ. ಹೆಂಡದ ಅಂಶ ಕಂಡರೆ ಆ ದಿನ ಸ್ಟೇರಿಂಗ್ ಮುಟ್ಟುವಂತಿಲ್ಲ. ಹೀಗೆ ಸಿಕ್ಕಿಬಿದ್ದವರು ಬಹಳ ಜನ. ಅವನು ಬಂದರೆ ಕ್ಯಾಂಟೀನಿನ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಮನೆಯಲ್ಲೂ ಯಾರಿಲ್ಲ. ಅವನ ಎದುರಿಗೆ ಕೂತು ಟೀ ಕುಡಿಯುತ್ತಿದ್ದವನು ಏಳನೇ ನಂಬರಿನ ಬಸ್ಸಿನ ಡ್ರೈವರ್ ಒಬ್ಬನೇ.

ಜನ್ಮದಲ್ಲಿ ಹೆಂಡ ಮುಟ್ಟದವನು ಈ ಏಳನೇ ನಂಬರಿನವನು. ಹೋದ ವಾರ ರಾತ್ರಿಯೆಲ್ಲಾ ಕೆಮ್ಮು, ನಿದ್ದೆಯಿಲ್ಲ ಎಂದು ಗೋಳಾಡಿದಾಗ ಊದಪ್ಪನೇ ದೊಡ್ಡ ಜಾಡಿಯಿಂದ ಕೆಮ್ಮಿನ ಸಿರಪ್ಪನ್ನು ಸಣ್ಣ ಸೀಸೆಗೆ ಬಗ್ಗಿಸಿ ಕೊಟ್ಟಿದ್ದ. ಮೇಲೆ ಪಟ್ಟಿ ಅಂಟಿಸಿ "ರಾತ್ರಿ ಎರಡು ಚಮಚ" ಎಂದಷ್ಟೇ ಬರೆದಿದ್ದ. ಎಲ್ಲರಿಗೂ ಹಾಗೇ ಕೊಡುವುದು, ಯಾವತ್ತೂ ತೊಂದರೆಯಾಗಿರಲಿಲ್ಲ. ಜಾಡಿಯ ಮೇಲೆ ಅಚ್ಚಾಗಿದ್ದ ಸಣ್ಣ ಅಕ್ಷರಗಳು ಜಾಡಿಯ ಮೇಲೆಯೇ ಉಳಿದವು.

ಆ ಬೆಳಿಗ್ಗೆ ಏಳನೇ ನಂಬರಿನವನು ಊದಿದ. ಯಂತ್ರ ಕಿರುಚಿತು. ಸಾಲಿನಲ್ಲಿದ್ದವರು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು. ಏನು ಕುಡಿದೆ ಎಂದು ಊದಪ್ಪ ಕೇಳಿದರೆ ಅವನು ಜೇಬಿನಿಂದ ಸೀಸೆ ತೆಗೆದ. ಗೇಟಿನ ಹೊರಗೆ ಕೆಮ್ಮು ಹತ್ತಿತಂತೆ, ಎರಡು ಗುಟುಕು ಹಾಕಿಕೊಂಡನಂತೆ. ಸೀಸೆಯ ಮೇಲಿದ್ದದ್ದು ಊದಪ್ಪನದೇ ಕೈಬರಹ.

ಜಾಡಿ ತಂದು ಓದಿದ. ನೂರು ಎಂಎಲ್‌ಗೆ ಹನ್ನೆರಡು ಎಂಎಲ್ ಆಲ್ಕೋಹಾಲ್. ನೀರಿನಲ್ಲಿ ಕರಗದ ಮದ್ದನ್ನು ಕರಗಿಸಲು ಹಾಕುವುದು. ಜೊತೆಗೆ ನಿದ್ದೆ ಬರಿಸುವ ಮದ್ದು. ಡ್ರೈವರಿಗೆ ಬಾಯಿ ಮುಕ್ಕಳಿಸಲು ನೀರು ಕೊಟ್ಟು ಇಪ್ಪತ್ತು ನಿಮಿಷ ಕೂರಿಸಿ ಮತ್ತೆ ಊದಿಸಿದ. ಬಾಯಲ್ಲಿ ಉಳಿದಿದ್ದ ಸಿರಪ್ಪಿನ ಆಲ್ಕೋಹಾಲ್ ಹೋಗಿತ್ತು. ಸೊನ್ನೆ ಬಂತು.

ಅಷ್ಟರಲ್ಲಿ ಬಂದ ಡಿಪೋ ಮ್ಯಾನೇಜರ್ ನಿಟ್ಟುಸಿರುಬಿಟ್ಟು, ಸರಿ ಹೋಯಿತಲ್ಲ, ಬಸ್ಸು ಬಿಡಿ, ಜನ ಕಾಯುತ್ತಿದ್ದಾರೆ ಎಂದರು. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಊದಪ್ಪನ ಕೆಲಸವೂ ಉಳಿಯುತ್ತಿತ್ತು, ಗೆಳೆತನವೂ ಉಳಿಯುತ್ತಿತ್ತು. ಆದರೆ ಗೆಳೆಯನ ರೆಪ್ಪೆಗಳು ಜೋತುಬಿದ್ದಿದ್ದವು.

"ಸೊನ್ನೆ ಅಂದ್ರೆ ಆಲ್ಕೋಹಾಲ್ ಇಲ್ಲ ಅಂತ ಅಷ್ಟೇ ಸಾರ್. ನಿದ್ದೆ ಮದ್ದು ಈ ಯಂತ್ರಕ್ಕೆ ಕಾಣಲ್ಲ. ರಾತ್ರೀದು, ಈಗಿಂದು ಎರಡೂ ಮೈಯಲ್ಲಿದೆ. ಇವತ್ತು ಇವನು ಬಸ್ ಓಡಿಸಬಾರದು. ಬರೀಬೇಕಾದ್ದು ಬರೀದೆ ಕೊಟ್ಟಿದ್ದು ನಾನೇ."

ಡ್ರೈವರ್ ಅವನನ್ನೇ ದಿಟ್ಟಿಸಿದ. "ನೀನೇ ಕೊಟ್ಟೆ, ನೀನೇ ಹಿಡಿದೆ. ಎಲ್ಲರ ಮುಂದೆ ನನ್ನ ಮಾನ ಕಳೆದೆಯಲ್ಲೋ."

ಊದಪ್ಪ ಸೀಸೆಯನ್ನು ಬೆಳಕಿಗೆ ಹಿಡಿದ. ತಾನು ಕೊಟ್ಟ ಅಳತೆಗೆ ಇನ್ನೂ ನಾಲ್ಕು ಚಮಚವಾದರೂ ಉಳಿಯಬೇಕಿತ್ತು, ತಳದಲ್ಲಿ ಒಂದಿಷ್ಟು ಮಾತ್ರ ಇತ್ತು.

"ಮನೇಲಿ ಇನ್ಯಾರಿಗಾದ್ರೂ ಕೊಟ್ಟೆಯೇನೋ?"

ಮೊಮ್ಮಗಳಿಗೆ ಎಂದ ಅವನು. ಎರಡೂವರೆ ವರ್ಷದ ಕೂಸು. ಅದಕ್ಕೂ ಕೆಮ್ಮು, ರಾತ್ರಿ ಒಂದು ಚಮಚ, ಬೆಳಗಿನ ಜಾವ ಅತ್ತಳೆಂದು ಇನ್ನೊಂದು. ಸೀಸೆಯ ಮೇಲೆ ಮಕ್ಕಳಿಗೆ ಬೇಡ ಅಂತ ಎಲ್ಲೂ ಬರೆದಿರಲಿಲ್ಲವಲ್ಲ ಎಂದ. ಮನೆಗೆ ಫೋನ್ ಮಾಡಿದಾಗ ಅವನ ಮಗಳು ಹೇಳಿದಳು: ಕೂಸನ್ನು ಎಬ್ಬಿಸಿದರೆ ಕಣ್ಣು ಬಿಟ್ಟು ಮತ್ತೆ ಮುಚ್ಚುತ್ತಾಳೆ.

ಪುಟ್ಟ ಮೈಗೆ ಚೂರು ಆಲ್ಕೋಹಾಲೂ ಹೆಚ್ಚು. ನಿದ್ದೆ ಮದ್ದು ಅದರ ಜೊತೆ ಸೇರಿದರೆ ಉಸಿರು ನಿಧಾನವಾಗಬಹುದು, ರಕ್ತದ ಸಕ್ಕರೆ ಇಳಿಯಬಹುದು. ಈಗಲೇ ಆಸ್ಪತ್ರೆಗೆ ಎಂದ ಊದಪ್ಪ. ಮದ್ದಿನ ಹೆಸರು, ಆಲ್ಕೋಹಾಲಿನ ಅಳತೆ, ಎಷ್ಟು ಹೊತ್ತಿಗೆ ಎಷ್ಟು ಚಮಚ ಕೊಟ್ಟದ್ದು, ಎಲ್ಲವನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಗೆಳೆಯನ ಕೈಗಿತ್ತ. ಈ ಸಲ ಒಂದೂ ಬಿಡಲಿಲ್ಲ. ಮ್ಯಾನೇಜರ್ ಜೀಪು ಕಳಿಸಿದರು. ಊದಪ್ಪ ಹತ್ತಲು ಹೋದ. ಗೆಳೆಯ ಬಾಗಿಲು ಹಾಕಿಕೊಂಡ.

ಇಡೀ ದಿನ ಫೋನ್ ಬರಲಿಲ್ಲ. ತಾನೇ ಮಾಡಲು ಧೈರ್ಯ ಬರಲಿಲ್ಲ. ಸಂಜೆ ಮೇಲಿನ ಕಚೇರಿಯಿಂದ ಆದೇಶ ಬಂತು: ಇನ್ನು ಮುಂದೆ ಔಷಧಿ ಕೊಡುವಂತಿಲ್ಲ, ಯಂತ್ರ ಹಿಡಿಯುವ ಕೆಲಸ ಮಾತ್ರ. ತಪ್ಪು ತನ್ನದೇ ಎಂದು ಸಹಿ ಹಾಕಿದ.

ಮೂರನೇ ದಿನ ಏಳನೇ ನಂಬರಿನವನು ಸಾಲಿಗೆ ಬಂದ. ಊದಿದ. ಸೊನ್ನೆ. ಯಂತ್ರದ ಚೀಟಿ ಹರಿದು ಕೊಡುತ್ತಾ ಊದಪ್ಪ ಮೆಲ್ಲಗೆ ಮಗು ಹೇಗಿದೆ ಎಂದು ಕೇಳಿದ.

"ಆವತ್ತು ಸಂಜೆ ಎದ್ದಳು. ನಿನ್ನೆ ಮನೆಗೆ ಬಂದಳು," ಎಂದ ಅವನು, ಚೀಟಿಯನ್ನು ನೋಡುತ್ತಾ. ಮುಖ ಎತ್ತದೆ ಬಸ್ಸಿನ ಕಡೆ ನಡೆದ.

ಊದಪ್ಪನಿಗೆ ಕುಣಿಯುವಷ್ಟು ಸಂತೋಷವಾಯಿತು. ಅದನ್ನು ಯಾರಿಗಾದರೂ ಹೇಳಲೇಬೇಕಿತ್ತು. ಹೇಳಿಕೊಳ್ಳಲು ಅವನಿಗಿದ್ದವನು ಒಬ್ಬನೇ, ಅವನು ಆಗಲೇ ಬಸ್ಸು ಹೊರಡಿಸಿದ್ದ.