ಗಿರಿನಗರದ ಆರ್ಡರು

ಜಯನಗರದ ಮಾಡ್ಯುಲರ್ ಕಿಚನ್ ಶೋರೂಮಿನಲ್ಲಿ ದಾನಮ್ಮ ಆರು ವರ್ಷದಿಂದ ಸೇಲ್ಸ್‌ನಲ್ಲಿದ್ದಳು. ಬಾಗಲಕೋಟೆ ಕಡೆಯವಳು. ಬಿಟಿಎಮ್ಮಿನ ಬಾಡಿಗೆ ಮನೆಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಹೋದ ವರ್ಷ ಸೇರಿದ ತನ್ಮಯಿ ಹೊಸ ಸ್ಕೂಟರ್ ತಂದು ನಿಲ್ಲಿಸಿದ ದಿನದಿಂದ ದಾನಮ್ಮನಿಗೆ ಹೊಟ್ಟೆಕಿಚ್ಚು. ಆ ಹುಡುಗಿ ಗಿರಾಕಿಯ ಜೊತೆ ನಕ್ಕರೂ ಇವಳು ಊಟದ ಡಬ್ಬಿ ಮುಚ್ಚಿ ಎದ್ದುಬಿಡುತ್ತಿದ್ದಳು.

ದಾನಮ್ಮ ತಂಗಿಯ ಸೀಮಂತಕ್ಕೆಂದು ಊರಿಗೆ ಹೋಗಿದ್ದ ವಾರ, ಅವಳು ಮೊದಲು ಮಾತಾಡಿಸಿದ್ದ ಗಿರಿನಗರದ ಗಿರಾಕಿಯ ಆರ್ಡರನ್ನು ತನ್ಮಯಿ ಮುಗಿಸಿದ್ದಳು. ತಿಂಗಳ ಕಮಿಷನ್ ಬಂದ ಕೂಡಲೇ ದಾನಮ್ಮ ಮ್ಯಾನೇಜರ್ ಚಿದಾನಂದ್ ಮುಂದೆ ನಿಂತಳು.

"ಆ ಗಿರಾಕಿ ನಂದು ಐತ್ರೀ ಸರ. ಪೂರಾ ರೊಕ್ಕ ಆಕಿಗೆ ಕೊಟ್ರೇನು?"

ಮೊದಲೆಲ್ಲ ಕಮಿಷನ್ ಚೀಟಿಯಲ್ಲಿ ಒಟ್ಟು ಮೊತ್ತ ಮಾತ್ರ ಇರುತ್ತಿತ್ತು, ಜಗಳ ವಾರಗಟ್ಟಲೆ ಎಳೆಯುತ್ತಿತ್ತು. ಈ ತಿಂಗಳಿಂದ ಚಿದಾನಂದ್ ಪ್ರತಿ ಆರ್ಡರಿಗೂ ಲೆಕ್ಕದ ಒಂದು ಸಾಲು ಹಾಕಿಸಿದ್ದರು. ಅವರು ಪರದೆಯನ್ನು ಅವಳತ್ತ ತಿರುಗಿಸಿದರು.

"ನೋಡಮ್ಮ. ಪಟ್ಟಿ ಬೆಲೆ ಐದು ಲಕ್ಷ. ಎಂಟು ಪರ್ಸೆಂಟ್ ಡಿಸ್ಕೌಂಟ್ ಹೋಗಿ, ಜಿಎಸ್‌ಟಿ ಬಿಟ್ಟು, ನಾಲ್ಕು ಲಕ್ಷ ಅರವತ್ತು ಸಾವಿರ. ಗಿರಾಕಿ ಪೂರ್ತಿ ಕಟ್ಟಿದಾರೆ. ಮೂರು ಪರ್ಸೆಂಟ್ ಅಂದ್ರೆ ಹದಿಮೂರು ಸಾವಿರದ ಎಂಟುನೂರು. ಮೊದಲ ಭೇಟಿ ನಿಂದು, ನಿನ್ ಪಾಲು ಮೂವತ್ತು ಪರ್ಸೆಂಟ್. ಅಳತೆ, ಕೊಟೇಷನ್, ಸಹಿ ತನ್ಮಯಿದು, ಎಪ್ಪತ್ತು. ನಾಲ್ಕು ಸಾವಿರದ ನೂರಾ ನಲವತ್ತು ನಿನ್ ಖಾತೆಗೆ ಬಂದಿದೆ."

ಪಕ್ಕದಲ್ಲೇ ಎಲ್ಲದಕ್ಕೂ ತಾರೀಖು ಇತ್ತು. ಅಳತೆಯ ದಿನ ತಾನು ಊರಲ್ಲಿದ್ದದ್ದು ನಿಜ. ಲೆಕ್ಕ ಸರಿ ಇದ್ದದ್ದಕ್ಕೇ ಅವಳಿಗೆ ಇನ್ನಷ್ಟು ಉರಿಯಿತು. ತನ್ಮಯಿ ಕಸಿದುಕೊಂಡಿದ್ದರೆ ಬೈಯಬಹುದಿತ್ತು.

"ಮತ್ತ ನನ್ನ ಶ್ರೀನಗರದ ಆರ್ಡರಿಗೆ ಎರಡೇ ಪರ್ಸೆಂಟ್ ಯಾಕ್ರೀ?"

"ಆರು ಲಕ್ಷದ ಮಾಲಿಗೆ ಹದಿನೈದು ಪರ್ಸೆಂಟ್ ಡಿಸ್ಕೌಂಟ್ ಬಿಟ್ಟಿದೀಯ. ಹತ್ತು ದಾಟಿದ್ರೆ ಕಮಿಷನ್ ದರ ಎರಡಕ್ಕೆ ಇಳಿಯುತ್ತೆ. ಹತ್ತಕ್ಕೇ ನಿಲ್ಲಿಸಿದ್ರೆ ಹದಿನಾರು ಸಾವಿರದ ಇನ್ನೂರು ಬರ್ತಿತ್ತು. ಈಗ ಹತ್ತು ಸಾವಿರದ ಇನ್ನೂರು."

ನಿಯಮ ಅವಳಿಗೆ ಗೊತ್ತಿತ್ತು, ಸಿಟ್ಟಿಗೆ ಕೇಳಿದ್ದಳು. ಅದರ ಬೆಲೆ ಆರು ಸಾವಿರ ಎಂದು ಗೊತ್ತಿರಲಿಲ್ಲ. ಗಿರಾಕಿ ಕೈತಪ್ಪುತ್ತಾನೆಂದು ತಾನು ಹೆದರಿ ಬಿಟ್ಟುಕೊಡುತ್ತಿದ್ದುದನ್ನು ಆ ಹುಡುಗಿ ಹಿಡಿದು ನಿಲ್ಲುತ್ತಿದ್ದಳು.

ಎರಡು ದಿನ ಮುಖ ತಿರುಗಿಸಿಕೊಂಡಿದ್ದು, ಮೂರನೆಯ ದಿನ ಚಹಾದ ಹೊತ್ತಿಗೆ ತನ್ಮಯಿಯನ್ನು ಕೇಳಿಯೇಬಿಟ್ಟಳು. "ಗಿರಾಕಿ ಹದಿನೈದು ಬಿಡು ಅಂದ್ರ ನೀ ಏನ್ ಅಂತೀ?"

ತನ್ಮಯಿಗೆ ಆಶ್ಚರ್ಯವಾಯಿತು. "ಹತ್ತರ ಮೇಲೆ ಬೆಲೆ ಇಳಿಸಲ್ಲ ಅಕ್ಕ. ಎರಡು ಡ್ರಾಯರ್ ತೆಗೀತೀನಿ, ಇಲ್ಲ ಕಮ್ಮಿ ಬೆಲೆಯ ಫಿನಿಶ್ ತೋರಿಸ್ತೀನಿ. ಅವರ ಬಜೆಟ್‌ಗೆ ಬರುತ್ತೆ."

ಮುಂದಿನ ವಾರ ಬನಶಂಕರಿಯ ದಂಪತಿಗೆ ದಾನಮ್ಮ ಹಾಗೇ ಮಾಡಿದಳು. ಎರಡು ಡ್ರಾಯರ್ ತೆಗೆದು, ಒಂಬತ್ತು ಪರ್ಸೆಂಟಿಗೇ ನಿಂತಳು. ಅವರು ಮುಂಗಡ ಕೊಟ್ಟರು.

ಆ ತಿಂಗಳೂ ಕಮಿಷನ್ನಿನಲ್ಲಿ ತನ್ಮಯಿಯೇ ಮುಂದಿದ್ದಳು. ದಾನಮ್ಮನ ಕಿಚ್ಚು ಆರಿರಲಿಲ್ಲ. ಆದರೂ ಸಂಜೆ ತನ್ಮಯಿಯೇ ಕರೆದಾಗ ಸ್ಕೂಟರಿನ ಹಿಂದೆ ಕುಳಿತು ಬಿಟಿಎಮ್ಮಿನವರೆಗೆ ಹೋದಳು.